ಗಡ್ಡೆ ಇಳಿಯಿತೆಂದು ಕುಣಿದವರು

ಐವತ್ತು ದಾಟಿದ ನನ್ನ ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಾನೆ. ಮೂಟೆಯ ತಳದಲ್ಲಿ ಕೊಳೆತ ಈರುಳ್ಳಿ ಒಂದಿದ್ದರೂ ಪತ್ತೆ ಹಚ್ಚುವ ಘಾಟಿ ಮನುಷ್ಯ. ಆದರೆ ತನ್ನದೇ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದು ತಿಂಗಳುಗಟ್ಟಲೆಯಾದರೂ, ಮೇಲೊಂದು ಟವೆಲ್ ಸುತ್ತಿಕೊಂಡು ಬೀಡಿ ಸೇದುತ್ತಾ ಓಡಾಡಿದ.

ಅವನ ಭಾವಮೈದನದು ಔಷಧಿ ಅಂಗಡಿ. ಮಾತ್ರೆ ಮಾರಿ ಮಾರಿ ತಾನೇ ಡಾಕ್ಟರಾದೆ ಎಂದುಕೊಂಡಿರುವ ಆಸಾಮಿ. "ನೋವಿಲ್ಲ ಅಂದ್ಮೇಲೆ ಭಯ ಯಾಕೆ ಭಾವ?" ಎನ್ನುತ್ತಾ ಒಂದಾದ ಮೇಲೊಂದು ಆಂಟಿಬಯಾಟಿಕ್ ನುಂಗಿಸಿದ. ಅವನ ಮುಖ ಕಂಡರೇ ನನಗೆ ಮೈ ಉರಿಯುತ್ತದೆ.

ಕೊನೆಗೆ ನಾನೇ ಅಣ್ಣನ ರಟ್ಟೆ ಹಿಡಿದು ಕಿವಿ, ಮೂಗು, ಗಂಟಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ನುಂಗಲು ಕಷ್ಟವೇ, ದನಿ ಬದಲಾಗಿದೆಯೇ, ಕಿವಿ ನೋವೇ, ಬೀಡಿ ಎಷ್ಟು ಎಂದು ಆಕೆ ಒಂದೊಂದಾಗಿ ಕೇಳಿದರು. "ಯಾವಾಗಲೋ ಒಂದು" ಎಂದ ಅಣ್ಣ. ಜೇಬಿನಿಂದ ಬೀಡಿ ಕಟ್ಟು ಇಣುಕುತ್ತಿತ್ತು, ಥೂ! ಡಾಕ್ಟರಮ್ಮ ಕಿವಿ, ಮೂಗು, ಬಾಯಿ ನೋಡಿ, ಗ್ಲೌಸಿನ ಬೆರಳಲ್ಲಿ ಗಂಟಲೊಳಗಿನ ಟಾನ್ಸಿಲ್, ನಾಲಿಗೆಯ ಬುಡ ಒತ್ತಿದಾಗ ಇವನು ಓಕರಿಸಿ ಆಕೆಯ ತೋಳಿಗೇ ಜೊಲ್ಲು ಸುರಿಸಿದ. ಆಮೇಲೆ ಮೂಗಿನಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿ ಧ್ವನಿಪೆಟ್ಟಿಗೆಯವರೆಗೂ ನೋಡಿದರು. ಕುತ್ತಿಗೆಯ ಎರಡೂ ಬದಿ ತಡವಿದರು.

"ಬಲಗಡೆ ಟಾನ್ಸಿಲ್ ಸ್ವಲ್ಪ ಗಟ್ಟಿ ಅನ್ಸುತ್ತೆ. ಗಡ್ಡೆಗೆ ಸೂಜಿ ಹಾಕಿ ನೋಡೋಣ."

"ಕೊಯ್ದು ಬಿಸಾಕಿ ಮೇಡಂ, ಪೀಡೆ ತೊಲಗ್ಲಿ" ಎಂದ ಅಣ್ಣ.

"ಎಲ್ಲಿಂದ ಬಂತು ಅಂತ ತಿಳೀದೆ ಕೊಯ್ಯೋ ಹಾಗಿಲ್ಲ."

ಸ್ಕ್ಯಾನಿನಲ್ಲಿ ನೋಡುತ್ತಾ ಸಣ್ಣ ಸೂಜಿ ಚುಚ್ಚಿದರು. ಕಂದು ಬಣ್ಣದ ನೀರು ಬಂತು, ಗಡ್ಡೆ ಇಳಿಯಿತು. ರಿಪೋರ್ಟಿನಲ್ಲಿ ಬರೀ ದ್ರವ, ಕ್ಯಾನ್ಸರ್ ಕಣ ಕಾಣಲಿಲ್ಲ ಎಂದಿತ್ತು. ಅಷ್ಟು ಸಾಕಾಯಿತು. ಭಾವಮೈದ ಸಿಹಿ ಹಂಚಿದ, ಅಣ್ಣ ಮನೆಯೆಲ್ಲ ಕುಣಿದಾಡಿದ.

ಡಾಕ್ಟರಮ್ಮ ನನಗೆ ಫೋನ್ ಮಾಡಿದರು. "ಕಾಣಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲಮ್ಮ. ಈ ವಯಸ್ಸಲ್ಲಿ ಕುತ್ತಿಗೇಲಿ ನೀರಿನ ಗಡ್ಡೆ ಬಂದ್ರೆ ನಂಬಬಾರದು. ಅದರ ಗಟ್ಟಿ ಅಂಚಿಂದ ಮತ್ತೆ ಸೂಜೀಲಿ ಕಣ ತೆಗೀಬೇಕು, ಟಾನ್ಸಿಲ್ಲಿಂದಲೂ ಚೂರು ತೆಗೀಬೇಕು. ಕರ್ಕೊಂಡು ಬನ್ನಿ."

ಬರುತ್ತಾನೆಯೇ? "ಹೋದ ಗಡ್ಡೆಗೆ ಯಾವ ಸೂಜಿ?" ಎಂದು ನನ್ನ ಮೇಲೇ ಹಾರಾಡಿದ. ಆದರೆ ವಾರಗಳು ಕಳೆದರೂ ಟವೆಲ್ ಮಾತ್ರ ಕುತ್ತಿಗೆಯಿಂದ ಇಳಿಯಲಿಲ್ಲ. ನನಗೆ ತಡೆಯಲಾಗಲಿಲ್ಲ. ಮಂಡಿಗೇ ನುಗ್ಗಿ, ಹರಾಜಿನ ನಡುವೆ, ಹತ್ತಾರು ವ್ಯಾಪಾರಿಗಳೆದುರು ಟವೆಲ್ ಕಿತ್ತೆಸೆದೆ. ಗಡ್ಡೆ ಮತ್ತೆ ತುಂಬಿ ನಿಂತಿತ್ತು.

"ಮಾನ ತೆಗೆದೆಯಲ್ಲೇ!" ಎಂದು ಅರಚಿದ.

"ಮಾನ ಆಮೇಲೆ ನೋಡ್ಕೋ, ಮೊದಲು ಪ್ರಾಣ ಉಳಿಸ್ಕೋ, ನಡಿ!"

ಈ ಸಲ ಸೂಜಿಯಲ್ಲಿ ಕ್ಯಾನ್ಸರ್ ಕಣ ಸಿಕ್ಕಿತು. ಅದರ ಮೂಲ ಟಾನ್ಸಿಲ್ಲಿನಲ್ಲಿತ್ತು. "ಕುತ್ತಿಗೆ ಬಿಟ್ಟು ಬೇರೆ ಕಡೆ ಹರಡಿಲ್ಲ. ವಾಸಿ ಮಾಡಬಹುದು, ಆದರೆ ಇನ್ನು ತಡ ಮಾಡ್ಬೇಡಿ" ಎಂದರು ಡಾಕ್ಟರಮ್ಮ.

ಹೊರಗೆ ಬಂದ ಅಣ್ಣ ಮೆಟ್ಟಿಲ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಾನೇನೋ ಎಂದು ನಾನು ಬೆನ್ನಿನ ಮೇಲೆ ಕೈಯಿಟ್ಟೆ.

"ನಮ್ಮ ಭಾವಮೈದನಿಗೆ ಈಗಲೇ ಹೇಳ್ಬೇಡ ಕಣೇ" ಎಂದ. "ಪಾಪ, ಬೇಜಾರು ಮಾಡ್ಕೊತಾನೆ."