ಘಟ್ಟದ ಮೇಲೆ ಇಳಿದ ಸಂಖ್ಯೆ

ಇಪ್ಪತ್ತು ವರ್ಷ ಬಾಳೆಬರೆ ಘಾಟಿ ಹತ್ತಿಳಿದ ಬಾಡಿಗೆ ಕಾರಿನ ಶೇಖರ, ಅನ್ವಿತಾಳನ್ನು ಹತ್ತು ಗಂಟೆಯ ಸಂದರ್ಶನಕ್ಕೆ ಹೊಸನಗರಕ್ಕೆ ಕರೆದೊಯ್ಯುತ್ತಿದ್ದ. ಹೊಸಂಗಡಿಯಲ್ಲಿ, ಉಳಿದ ಡೀಸೆಲಿಗೆ ಇನ್ನು ತೊಂಬತ್ತು ಕಿಲೋಮೀಟರ್ ಓಡಬಹುದೆಂದಿದ್ದ ಮೀಟರು ಘಾಟಿಯ ತುದಿಗೆ ಮೂವತ್ತೆಂಟಕ್ಕೆ ಇಳಿಯಿತು.

"ಹ್ವಾಯ್ ಶೇಖರಣ್ಣ, ತಿರ್ಗಿ ಹಾಲಾಡಿ ಬಂಕಿಗೆ ಹೋಪ!" ಎಂದಳು ಅನ್ವಿತಾ. ಮತ್ತೆ ಘಾಟಿ ಇಳಿದು ಅಲ್ಲಿಗೆ ಹೋದರೆ ಸಂದರ್ಶನ ತಪ್ಪುತ್ತಿತ್ತು.

"ಹೆದ್ರಬೇಡ ಮಗಾ. ಉಳ್ದ ಡೀಸೆಲಿಗೆ ಈಗಷ್ಟೇ ಸಿಕ್ಕಿದ ಮೈಲೇಜ್ ಹಿಡ್ದ್ ಗುಣ್ಸತ್ತ್ ಆ ಮೀಟರ್. ಮುಂದೂ ಬರೀ ಏರೇ ಅಂತ ಅದ್ರ ಲೆಕ್ಕ. ಟ್ಯಾಂಕಿನ ಮುಳ್ಳು ಕಾಣ್, ಸ್ವಲ್ಪವೇ ಇಳ್ದಿತ್."

ಅವನು ಆತುರಪಡದೆ ಓಡಿಸಿದ. ರಸ್ತೆ ಸಮವಾದಂತೆ ಸಂಖ್ಯೆ ಮೆಲ್ಲನೆ ಏರತೊಡಗಿತು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಕಾರು ಹೊಸನಗರದಲ್ಲಿ ನಿಂತಿತು. ಮೀಟರು ನಲವತ್ತೈದು ತೋರಿಸುತ್ತಿತ್ತು. ಅನ್ವಿತಾ ಅದನ್ನು ನೋಡುವುದನ್ನು ಯಾವಾಗಲೋ ಬಿಟ್ಟಿದ್ದಳು.