ನೀರಿಲ್ಲದ ಮಂಗಳವಾರದ ವರದಿ

ವರದಿಯಕ್ಕನಿಗೆ ಸಿಟ್ಟು ಬಂದರೆ ಗೊತ್ತಾಗುವುದು ಪೆನ್ನಿನಿಂದ. ಬಾಯಿ ಮುಚ್ಚಿಕೊಂಡೇ ಇರುತ್ತಾಳೆ, ಪೆನ್ನಿನ ಮುಚ್ಚಳ ಮಾತ್ರ ಟಕ್ ಟಕ್ ಅಂತ ಬೀಳುತ್ತಾ ಏಳುತ್ತಾ ಇರುತ್ತದೆ. ಆ ಶನಿವಾರ ಮಧ್ಯಾಹ್ನ ತಗಡಿನ ಸೈಟ್ ಆಫೀಸಿನಲ್ಲಿ ಅದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಗಾರೆ ಕೆಲಸದವನ ಮಗಳು ಅವಳು. ಹತ್ತನೇ ತರಗತಿ ಮುಗಿಸಿದ ವರ್ಷವೇ ಅಪ್ಪ ಕೆಲಸ ಮಾಡುತ್ತಿದ್ದ ಕಡೆ ಸಿಮೆಂಟು ಮೂಟೆ ಎಣಿಸಿ ಬರೆಯಲು ಕೂತವಳು, ಮೂವತ್ತು ವರ್ಷವಾದರೂ ಬರೆಯುವುದನ್ನು ಬಿಟ್ಟಿಲ್ಲ. ಈಗ ಅವಳ ಕೆಲಸ ಇಷ್ಟೇ: ಮೇಸ್ತ್ರಿ ದಿನಾ ಸಂಜೆ ಒಂದು ಹಾಳೆ ತುಂಬಿಕೊಡುತ್ತಾನೆ. ಬಿಸಿಲೋ ಮಳೆಯೋ, ಎಷ್ಟು ಆಳು ಬಂದರು, ಏನು ಕೆಲಸ ನಡೆಯಿತು, ಏನು ಸಾಮಾನು ಇಳಿಯಿತು, ಯಾವುದರಿಂದ ಕೆಲಸ ನಿಂತಿತು. ಅಂಥ ಆರು ಹಾಳೆಗಳನ್ನು ಹಿಂಡಿ, ಶನಿವಾರ ನಾಲ್ಕು ಗಂಟೆಯೊಳಗೆ ಒಂದೇ ಪುಟ ಮಾಡಿ, ಕಟ್ಟಿಸುತ್ತಿರುವವರಿಗೆ ಕಳಿಸಬೇಕು. ಕೇಳಲು ಸಲೀಸು. ಆರು ದಿನದ ಸುಳ್ಳನ್ನು ಒಂದು ಪುಟಕ್ಕೆ ಇಳಿಸುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಕಟ್ಟಿಸುತ್ತಿದ್ದವರು ಕಣ್ಣಿನ ಡಾಕ್ಟರಮ್ಮ. ಮೂರಂತಸ್ತಿನ ಆಸ್ಪತ್ರೆ. ಮೊದಲ ಮಹಡಿಯಲ್ಲಿ ಆಪರೇಷನ್ ಕೋಣೆ, ಅದರ ನೆತ್ತಿಯ ಮೇಲೆ, ಎರಡನೇ ಮಹಡಿಯಲ್ಲಿ, ಟಾಯ್ಲೆಟ್ಟು. ಯಾವ ಮಹಾನುಭಾವ ನಕ್ಷೆ ಬರೆದನೋ! ಬರೆದದ್ದಾಯಿತು, ಕಟ್ಟಿದ್ದಾಯಿತು. ಈಗ ಟಾಯ್ಲೆಟ್ಟಿನ ನೆಲದಿಂದ ಒಂದು ಹನಿ ಕೆಳಗಿಳಿದರೂ ಅದು ಬೀಳುವುದು ಕಣ್ಣು ಬಿಚ್ಚಿಸಿಕೊಂಡು ಮಲಗಿದ ರೋಗಿಯ ಮೇಲೆ. ಡಾಕ್ಟರಮ್ಮ ಇರುವುದು ಬೇರೆ ಊರಲ್ಲಿ. ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಆಕೆಗೆ ಈ ಕಟ್ಟಡ ಕಾಣಿಸುವುದು ಶನಿವಾರದ ಆ ಒಂದು ಪುಟದಲ್ಲಿ ಮಾತ್ರ.

ಆ ಪುಟದ ಮೇಲೆ ಸವಾರಿ ಮಾಡುತ್ತಿದ್ದವನು ಮ್ಯಾನೇಜರು. ಸೈಟಿನಲ್ಲಿ ಅವನ ಹೆಸರು ಶೇಕಡಾ. ಇಸ್ತ್ರಿ ಮಾಡಿದ ಅಂಗಿ, ಧೂಳು ಕಾಣದ ಬೂಟು, ಬಾಯಿ ಬಿಟ್ಟರೆ ಲೆಕ್ಕ. "ಗೋಡೆ ಎಂಬತ್ತೈದು ಪರ್ಸೆಂಟು, ಪೈಪು ಎಪ್ಪತ್ತೆರಡು ಪರ್ಸೆಂಟು." ಎಪ್ಪತ್ತೆರಡೇ ಯಾಕೆ, ಎಪ್ಪತ್ತು ಯಾಕಲ್ಲ? ಎಪ್ಪತ್ತೆರಡು ಅಂದರೆ ಅಳೆದು ನೋಡಿದ ಹಾಗೆ ಕೇಳುತ್ತದೆ, ಅಷ್ಟೇ. ಏಣಿ ಹತ್ತಿ ಮೇಲೆ ಹೋಗಿ ನೋಡಿದ್ದನ್ನು ಯಾರೂ ಕಂಡಿಲ್ಲ. ವರದಿಯಲ್ಲಿ 'ಇಲ್ಲ' ಎಂಬ ಪದ ಬರಕೂಡದು, ಮೊದಲ ಸಾಲು ಒಳ್ಳೆ ಸುದ್ದಿಯೇ ಆಗಿರಬೇಕು ಎಂದು ಅಪ್ಪಣೆ ಬೇರೆ. ಇಂಥವನಿಗೆ ಸಾರ್ ಅನ್ನಬೇಕಲ್ಲ ಎಂದು ಅಕ್ಕನಿಗೆ ನಾಲಿಗೆ ಕಹಿಯಾಗುತ್ತಿತ್ತು.

ಆ ವಾರದ ಪುಟದಲ್ಲಿ ಡಾಕ್ಟರಮ್ಮನಿಂದ ಒಂದು ಒಪ್ಪಿಗೆ ಕೇಳಬೇಕಿತ್ತು: ಎರಡನೇ ಮಹಡಿ ಟಾಯ್ಲೆಟ್ಟಿಗೆ ಸೋಮವಾರದಿಂದ ಟೈಲ್ಸ್ ಹಾಕಬಹುದೇ? ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ಪರೀಕ್ಷೆ ಮಾಡಬೇಕು. ನೆಲಕ್ಕೆ ನೀರು ಇಳಿಯದ ಲೇಪ ಬಳಿದು ಒಣಗಿದ ಮೇಲೆ ಮೋರಿಯ ಬಾಯಿ ಬಿಗಿದು, ಎರಡಿಂಚು ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಗೋಡೆ ಮೇಲೆ ಗೆರೆ ಎಳೆದು, ಎರಡು ದಿನ ಬಿಟ್ಟು ನೋಡುತ್ತಾರೆ. ಗೆರೆಯಿಂದ ನೀರು ತೀರಾ ಇಳಿದಿರಬಾರದು, ಕೆಳಗಿನ ಚಾವಣಿ ಒಣಗಿರಬೇಕು. ಇದನ್ನು ಬಿಟ್ಟು ಟೈಲ್ಸ್ ಮುಚ್ಚಿದರೆ ಆಮೇಲೆ ತೂತು ಹುಡುಕಲು ಒಡೆಯುವುದೊಂದೇ ದಾರಿ.

ಮೇಸ್ತ್ರಿಯ ಮಂಗಳವಾರದ ಹಾಳೆಯಲ್ಲಿ ಹೀಗಿತ್ತು: 'ಟಾಯ್ಲೆಟ್ ನೀರಿನ ಪರೀಕ್ಷೆ, ಆಯ್ತು.'

ಎಷ್ಟಿಂಚು ನೀರು? ಬರೆದಿಲ್ಲ. ಗೆರೆ ಎಳೆದರಾ? ಬರೆದಿಲ್ಲ. ಬುಧವಾರ, ಗುರುವಾರದ ಹಾಳೆಗಳಲ್ಲಿ ಅದರ ಸುದ್ದಿಯೇ ಇಲ್ಲ. ಎರಡು ದಿನದ ಪರೀಕ್ಷೆ ಒಂದೇ ದಿನಕ್ಕೆ ಹೇಗೆ ಆಯ್ತು? ಅಕ್ಕ ಮತ್ತೆ ಮಂಗಳವಾರದ ಹಾಳೆ ತೆಗೆದು ಕೊನೆಯ ಕಾಲಂವರೆಗೂ ಓದಿದಳು. ಅಡಚಣೆ ಎಂಬಲ್ಲಿ ಅದೇ ಮೇಸ್ತ್ರಿ, ಅದೇ ಕೈಯಿಂದ, ಬರೆದಿದ್ದ: 'ಮೋಟಾರ್ ಸುಟ್ಟಿದೆ. ಸೈಟಿನಲ್ಲಿ ನೀರಿಲ್ಲ. ಪ್ಲಾಸ್ಟರ್ ಕೆಲಸ ನಿಂತಿದೆ.' ಮೋಟಾರ್ ಸರಿಯಾದದ್ದು ಗುರುವಾರ ಸಂಜೆ.

ನೀರಿಲ್ಲದ ದಿನ ನೀರಿನ ಪರೀಕ್ಷೆ! ಭಲೇ!

ಮೇಸ್ತ್ರಿಯನ್ನು ಕೂಗಿದಳು. ಅವನು ಕೈ ಒರೆಸಿಕೊಳ್ಳುತ್ತಾ ಬಂದ.

"ಏನಪ್ಪಾ, ಮಂಗಳವಾರ ಟಾಯ್ಲೆಟ್ಟಿಗೆ ಎಲ್ಲಿಂದ ನೀರು ತಂದೆ? ನಿನ್ನ ತಲೆ ಮೇಲೆ ಹೊತ್ಕೊಂಡು ಬಂದ್ಯಾ?"

"ಯಾವ ನೀರಕ್ಕಾ?"

"ಆಯ್ತು ಅಂತ ಬರ್ದಿದೀಯಲ್ಲ!"

ಮೇಸ್ತ್ರಿ ಹಾಳೆ ನೋಡಿ, ಅಕ್ಕನನ್ನು ನೋಡಿ, ತಲೆ ಕೆರೆದುಕೊಂಡ. "ಅಯ್ಯೋ, ಅದಾ? ಸಾಹೇಬ್ರು ಫೋನ್ ಮಾಡಿ, ನೀರು ನಿಲ್ಸಿ ಟೆಸ್ಟ್ ಮಾಡ್ಬಿಡು ಅಂದ್ರು. ನಾನು ಆಯ್ತು ಅಂದೆ. ಅದನ್ನೇ ಬರ್ದೆ."

ಅಕ್ಕನಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮಾಡ್ತೀನಿ ಅನ್ನುವುದಕ್ಕೂ ಆಯ್ತು, ಮಾಡಿದೆ ಅನ್ನುವುದಕ್ಕೂ ಆಯ್ತು. ಈ ಒಂದು ಪದ ಇಲ್ಲದಿದ್ದರೆ ಇವರೆಲ್ಲ ಹೇಗೆ ಹೊಟ್ಟೆ ಹೊರೆಯುತ್ತಿದ್ದರೋ!

ಅವಳಿಗೆ ಈ ಪದದ ಮೇಲೆ ಹಳೆಯ ಕೋಪವಿತ್ತು. ಹದಿನಾಲ್ಕು ವರ್ಷದ ಹಿಂದೆ ಒಂದು ಶಾಲೆಯ ಕೆಲಸದಲ್ಲಿ ಇಂಥದೇ ಒಂದು 'ಆಯ್ತು'ವನ್ನು ಕಣ್ಣು ಮುಚ್ಚಿಕೊಂಡು ವಾರದ ಪುಟಕ್ಕೆ ಇಳಿಸಿದ್ದಳು. ಮರುವರ್ಷ ಮಕ್ಕಳ ತರಗತಿಯ ಚಾವಣಿ ಸೋರಿತು. ಲೇಪ ಬಳಿದ ಕೂಲಿಯವನನ್ನು ಕಳ್ಳ ಎಂದು ಓಡಿಸಿದರು. ವರದಿ ಬರೆದವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎನ್ನುವುದೇ ಅವಳನ್ನು ಇವತ್ತಿಗೂ ಚುಚ್ಚುತ್ತದೆ.

ಮೂರು ಗಂಟೆಗೆ ಶೇಕಡಾ ಬಂದ. ಕರಡು ನೋಡಿ ಮುಖ ಕಿವುಚಿದ.

"ಏನ್ರೀ ಇದು, ಪರೀಕ್ಷೆ ಬಾಕಿ ಅಂತ ಬರ್ದಿದೀರಿ?"

"ಆಗಿಲ್ಲ ಸಾರ್. ನೀರೇ ಇರ್ಲಿಲ್ಲ."

"ಟೈಲ್ಸ್ ಇಳ್ದಿದೆ, ಹಾಕೋರು ಸೋಮವಾರ ಬರ್ತಿದಾರೆ. ಲೇಪ ಒಳ್ಳೇದೇ ಬಳ್ದಿದಾರೆ. ನೂರು ಪರ್ಸೆಂಟ್ ಅಂತ ಹಾಕಿ."

"ಕೆಳಗಡೆ ಆಪರೇಷನ್ ಕೋಣೆ ಸಾರ್. ನೀವು ಒಂದ್ಸಲ ಮೇಲೆ ಹೋಗಿ ನೋಡಿದ್ರಾ?"

ಅವನು ತನ್ನ ಬೂಟಿನ ಕಡೆ ನೋಡಿಕೊಂಡ. ಆಮೇಲೆ ದನಿ ಏರಿಸಿದ. "ನೋಡ್ರೀ, ನೀವು ಎಂಜಿನಿಯರ್ ಅಲ್ಲ. ದಿನದ ವರದಿಲಿ ಏನಿದೆಯೋ ಅದನ್ನ ಹಾಗ್ಹಾಗೇ ಬರೀರಿ. ನಿಮ್ಮ ಸ್ವಂತ ಬುದ್ಧಿ ಒಂದಕ್ಷರಾನೂ ಬೇಡ. ಆಗಲ್ಲ ಅಂದ್ರೆ ಹೇಳಿ, ಸೋಮವಾರದಿಂದ ಗೇಟಿನ ಪುಸ್ತಕ ಬರ್ಕೊಂಡು ಕೂತ್ಕೊಳಿ."

"ಹಾಗ್ಹಾಗೇ ಬರೀಲಾ ಸಾರ್?"

"ಹಾಗ್ಹಾಗೇ!"

ಅವನು ಕಾರು ಹತ್ತಿ ಹೋದ. ಅಕ್ಕ ಮನೆಗೆ ಫೋನ್ ಮಾಡಿದಳು. ಗಂಡ ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಮೊಣಕಾಲು ನೋವಿನವನು. ಮನೆ ನಡೆಯುತ್ತಿದ್ದುದು ಅವಳ ಸಂಬಳದ ಮೇಲೆಯೇ.

"ಕೆಲ್ಸಕ್ಕೆ ಕುತ್ತು ಬರ್ಬೋದು ಕಣ್ರೀ," ಅಂದಳು.

"ಊರ ಉಸಾಬರಿ ನಿಂಗ್ಯಾಕೆ ಅಂತ ಹೇಳೋಣ ಅನ್ಸುತ್ತೆ," ಅಂದ ಆತ. "ಹೇಳಿದ್ರೂ ನೀನು ಕೇಳ್ತೀಯಾ? ಇಪ್ಪತ್ತೆಂಟು ವರ್ಷದಿಂದ ಕೇಳ್ದೋಳಲ್ಲ."

ಅಕ್ಕ ಫೋನ್ ಇಟ್ಟು ಪುಟ ಬರೆದಳು. ಮೊದಲ ಸಾಲು ಒಳ್ಳೆ ಸುದ್ದಿ ಇರಬೇಕಲ್ಲವೇ, ಅದನ್ನೇ ಹಾಕಿದಳು:

'ಎರಡನೇ ಮಹಡಿ ಟಾಯ್ಲೆಟ್, ನೀರು ನಿಲ್ಲಿಸಿ ಪರೀಕ್ಷೆ. ಮಂಗಳವಾರದ ದಿನದ ವರದಿ, ಕೆಲಸದ ಕಾಲಂ: "ಆಯ್ತು." ಅದೇ ವರದಿ, ಅಡಚಣೆಯ ಕಾಲಂ: "ಮೋಟಾರ್ ಸುಟ್ಟಿದೆ. ಸೈಟಿನಲ್ಲಿ ನೀರಿಲ್ಲ." ಮೋಟಾರ್ ಸರಿಯಾದದ್ದು: ಗುರುವಾರ ಸಂಜೆ. ತಮ್ಮಿಂದ ಬೇಕಾದ ನಿರ್ಧಾರ: ಇದರ ಮೇಲೆ ಸೋಮವಾರ ಟೈಲ್ಸ್ ಹಾಕಲು ಒಪ್ಪಿಗೆ.'

ಕೆಳಗೆ ಆಳಿನ ಲೆಕ್ಕ, ಬಂದ ಸಾಮಾನು, ಮುಂದಿನ ವಾರದ ಕೆಲಸ. ಸ್ವಂತ ಬುದ್ಧಿ ಒಂದಕ್ಷರವೂ ಇಲ್ಲ. ಮಂಗಳವಾರದ ಹಾಳೆಯ ಫೋಟೋ ಲಗತ್ತಿಸಿ ನಾಲ್ಕಕ್ಕೆ ಐದು ನಿಮಿಷ ಇರುವಾಗ ಕಳಿಸಿದಳು. ಶೇಕಡಾನಿಗೂ ಒಂದು ಪ್ರತಿ ಹೋಯಿತು. ಓದುವ ಅಭ್ಯಾಸ ಇದ್ದಿದ್ದರೆ ಅವನು ಅವತ್ತೇ ಓದುತ್ತಿದ್ದ.

ಓದಿದ್ದು ಭಾನುವಾರ ಸಂಜೆ, ಡಾಕ್ಟರಮ್ಮ ಫೋನಿನಲ್ಲಿ ಉಗಿದ ಮೇಲೆ. ಹೇಳಿದ ಮಾತಿಗೆ ತಪ್ಪದವನು, ಸೋಮವಾರ ಬೆಳಿಗ್ಗೆ ಅಕ್ಕನನ್ನು ಗೇಟಿನ ಸ್ಟೂಲಿನ ಮೇಲೆ ಕೂರಿಸಿದ. ಒಂಬತ್ತೂವರೆಗೆ ಒಂದು ಕಾರು ಬಂದು ನಿಂತಿತು. ಅಕ್ಕ ಗೇಟಿನ ಪುಸ್ತಕ ಮುಂದೆ ಚಾಚಿದಳು.

"ಹೆಸರು, ಬಂದ ಕೆಲ್ಸ ಬರೀಬೇಕಮ್ಮ."

ಡಾಕ್ಟರಮ್ಮ ಬರೆದರು. ಬಂದ ಕೆಲಸ ಎಂಬಲ್ಲಿ, 'ನೀರು ನೋಡಲು'. ಆಮೇಲೆ ಕನ್ನಡಕ ಮೇಲೆತ್ತಿ ಕೇಳಿದರು, "ಶನಿವಾರದ ವರದಿ ಬರೆಯೋದು ಯಾರು?"

"ನಾನೇ ಬರೀತಿದ್ದೆ. ಇವತ್ತಿಂದ ಈ ಪುಸ್ತಕ."

"ಹೌದಾ? ಬನ್ನಿ ನನ್ನ ಜೊತೆ."

ಟಾಯ್ಲೆಟ್ಟಿನ ನೆಲದ ಮೇಲೆ ಬಿಳಿ ಧೂಳು, ಧೂಳಿನ ಮೇಲೆ ಚಪ್ಪಲಿ ಗುರುತು. ಮೋರಿಯ ಬಾಯಿ ತೆರೆದೇ ಇತ್ತು, ಅದರ ಅಡ್ಡಕ್ಕೆ ಜೇಡ ಬಲೆ ಕಟ್ಟಿತ್ತು. ಹಿಂದೆಯೇ ಏದುಸಿರು ಬಿಡುತ್ತಾ ಏಣಿ ಹತ್ತಿ ಬಂದ ಶೇಕಡಾ, "ನೀರು ಆವಿಯಾಗಿರುತ್ತೆ ಮೇಡಂ, ತೊಂಬತ್ತು ಪರ್ಸೆಂಟ್..." ಎಂದ. ಡಾಕ್ಟರಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣಿನ ಡಾಕ್ಟರ ಕಣ್ಣಿಗೇ ಮಣ್ಣೆರಚಲು ಹೊರಟವನಿಗೆ ಅಷ್ಟಾದರೂ ಬೇಡವೇ! ಅಕ್ಕನಿಗೆ ಅವನ ಬೂಟಿಗೆ ಕೊನೆಗೂ ಧೂಳು ಹತ್ತಿದ್ದು ಕಂಡು ಒಳಗೊಳಗೇ ಹಿತವಾಯಿತು.

ಅಲ್ಲೇ ನಿಂತು ಮೋರಿ ಬಿಗಿಸಿ ನೀರು ತುಂಬಿಸಿದರು. ಗೆರೆಯನ್ನು ಅಕ್ಕನೇ ಎಳೆದಳು, ಪಕ್ಕದಲ್ಲಿ ದಿನ, ಗಂಟೆ ಬರೆದಳು. ಮಂಗಳವಾರ ಬೆಳಿಗ್ಗೆ ನೀರು ಗೆರೆಗಿಂತ ಅರ್ಧ ಇಂಚು ಕೆಳಗಿತ್ತು. ಬುಧವಾರ ಡಾಕ್ಟರಮ್ಮ ಮತ್ತೆ ಬಂದರು, ಎಲ್ಲರೂ ಆಪರೇಷನ್ ಕೋಣೆಗೆ ಹೋದರು. ಚಾವಣಿಯಲ್ಲಿ, ಪೈಪು ಇಳಿಯುವ ಮೂಲೆಯಿಂದ ದೊಡ್ಡ ದೀಪಕ್ಕೆಂದು ಬಿಟ್ಟ ಕೊಕ್ಕೆಯವರೆಗೂ ಕಪ್ಪಗೆ ಒದ್ದೆ ಹರಡಿತ್ತು. ಕೊಕ್ಕೆಯ ತುದಿಯಲ್ಲಿ ಒಂದು ಹನಿ ಕೂಡಿಕೊಂಡು, ಬಿದ್ದಿತು. ಅದು ಬಿದ್ದ ಜಾಗವನ್ನು ಡಾಕ್ಟರಮ್ಮ ಸುಮಾರು ಹೊತ್ತು ನೋಡಿದರು.

"ರೋಗಿ ತಲೆ ಇಡೋದು ಇಲ್ಲೇ," ಅಂದರು.

ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದ. ಅಕ್ಕನಿಗೆ ಆ ಹಳೆಯ ಶಾಲೆಯ ಚಾವಣಿ ನೆನಪಾಯಿತು.

ಡಾಕ್ಟರಮ್ಮ ಮ್ಯಾನೇಜರ ಕಡೆ ತಿರುಗಿದರು. "ಲೇಪ ಕಿತ್ತು ಹೊಸದಾಗಿ ಬಳೀಬೇಕು. ಮತ್ತೆ ಎರಡು ದಿನ ನೀರು ನಿಲ್ಸಬೇಕು. ಕೆಳಗೆ ಒಣಗಿದೆ ಅಂತ ಇವರು ಕಣ್ಣಾರೆ ನೋಡಿ ಬರೆದ ಮೇಲೇನೇ ಟೈಲ್ಸು. ಶನಿವಾರದ ಪುಟ ಇವರ ಕೈಯಿಂದಲೇ ಬರಬೇಕು, ನೀವು ಅದನ್ನ ಮುಟ್ಟೋ ಹಾಗಿಲ್ಲ. ತಿಳೀತಾ?"

ಶೇಕಡಾ ಕರವಸ್ತ್ರದಿಂದ ಹಣೆ ಒರೆಸಿಕೊಂಡ. "ಆಯ್ತು ಮೇಡಂ," ಅಂದ.

ಅಕ್ಕ ಪೆನ್ನಿನ ಮುಚ್ಚಳ ತೆಗೆದಳು.

"ಯಾವ ಆಯ್ತು ಅಂತ ಬರ್ಕೊಳ್ಲಿ ಸಾರ್?"