ಒಂದು ಸೀಟಿಗೆ ನಿಂತ ತೆಂಗಿನ ಹಾಲು

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ನಮ್ಮ ರೈಟ್ ಮಾವನಿಗೆ ಸಾವಿರ ಜನರನ್ನು ಗದರಿಸಿ ಗೊತ್ತಿತ್ತು, ಒಲೆ ಮುಂದೆ ನಿಂತು ಗೊತ್ತಿರಲಿಲ್ಲ. ಹೆಂಡತಿ ಬಲಗೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಸೌಟು ಇವನ ಕೈಗೆ ಬಂತು. ಅಡುಗೆ ಹೇಳಿಕೊಡಲು ಕೂಗಿ ಕೂಗಿ ಗಂಟಲು ಒಣಗುತ್ತೆ ಅಂತ ಆಕೆ ಗಂಡನ ಹಳೇ ಸೀಟಿಯನ್ನೇ ಕೊರಳಿಗೆ ಹಾಕಿಕೊಂಡಳು. ಬಸ್ಸಿನದೇ ಲೆಕ್ಕ: ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೋಗು.

ಹಿಂದಿನ ವಾರ ಮಾಡಿದ ತರಕಾರಿ ಸಾರಿನಲ್ಲಿ ತೆಂಗಿನ ಹಾಲು ಒಡೆದು, ಮೇಲೆ ಎಣ್ಣೆ, ಕೆಳಗೆ ಬಿಳಿ ಚೂರು. ಪಾಪ, ಆಕೆ ಅದನ್ನೇ ಉಂಡಳು. ಸುದ್ದಿ ಅದು ಹೇಗೋ ಅವಳ ಅಕ್ಕನಿಗೆ ಮುಟ್ಟಿತು. ಭಾನುವಾರ ಊಟಕ್ಕೆ ಬರ್ತೀನಿ, ಅಡುಗೆ ನೆಟ್ಟಗಿಲ್ಲದಿದ್ದರೆ ತಂಗಿಯನ್ನು ಪ್ಲಾಸ್ಟರ್ ಬಿಚ್ಚೋವರೆಗೂ ನಮ್ಮನೇಲಿ ಇಟ್ಕೋತೀನಿ ಅಂದಳು. ಅಂದಂತೆ ಬಂದಳು, ಖಾಲಿ ಬ್ಯಾಗನ್ನೂ ತಂದಳು. ಆ ಬ್ಯಾಗು ನೋಡಿದ ಮಾವ ನೆಟ್ಟಗೆ ಅಡುಗೆಮನೆ ಹೊಕ್ಕ. ನಲವತ್ತು ವರ್ಷದಲ್ಲಿ ಹೆಂಡತಿ ಇಲ್ಲದ ಮನೆಗೆ ಅವನು ಬಂದದ್ದೇ ಇಲ್ಲ.

ಬೆಳಿಗ್ಗೆಯೇ ಎರಡು ಕಾಯಿ ತುರಿದಿದ್ದ. ಸ್ವಲ್ಪವೇ ಉಗುರು ಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಗಟ್ಟಿ ಹಾಲನ್ನು ಬೇರೆ ಎತ್ತಿಟ್ಟ. ಅದೇ ಚರಟಕ್ಕೆ ಇನ್ನಷ್ಟು ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದಾಗ ತೆಳು ಹಾಲು ಬಂತು. ತರಕಾರಿ ತೆಳು ಹಾಲಿನಲ್ಲಿ ಬೇಯಬೇಕು, ಗಟ್ಟಿ ಹಾಲು ಕೊನೆಗೆ. ಮೊದಲು ಹತ್ತಿದವನು ಕಡೇ ಸ್ಟಾಪಿನಲ್ಲಿ ಇಳೀತಾನೆ ಅಂತ ಅವನು ನೆನಪಿಟ್ಟುಕೊಂಡಿದ್ದ.

ನೆನಪೇನೋ ಇತ್ತು, ಗಾಬರಿ ಬಿಡಬೇಕಲ್ಲ. ಹೊರಗೆ ಅತ್ತಿಗೆ, ಹೆಂಡತಿಯ ಅಕ್ಕ, ಹಸಿವಾಯ್ತು ಅಂದದ್ದು ಕೇಳಿದ್ದೇ ತಡ, ಸಾರು ಕೊತಕೊತ ಕುದಿಯುತ್ತಿದ್ದಂತೆಯೇ ಗಟ್ಟಿ ಹಾಲಿನ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿಸಲು ಹೋದ. ಪೀ ಅಂತ ಒಂದೇ ಸೀಟಿ. ಕುದಿಯ ಸದ್ದಿನ ನಡುವೆ ಮುಚ್ಚಳದ ಸದ್ದು ಪಡಸಾಲೆಯಲ್ಲಿ ಕೂತ ಹೆಂಡತಿಯ ಕಿವಿಗೆ ಬಿದ್ದಿತ್ತು. ಮೂವತ್ತು ವರ್ಷ ತಾನೇ ಊದಿದ ಸೀಟಿ, ಮಾವನ ಕೈ ಗಕ್ಕನೆ ನಿಂತಿತು. ಏನಮ್ಮಾ ಅಂತ ಅಕ್ಕ ಕೇಳಿದರೆ, ಬಾಯಾರಿಕೆ ಕಣಕ್ಕ, ನೀರು ಕೇಳಿದೆ ಅಂದಳಂತೆ.

ಮಾವ ಉರಿ ತೀರಾ ಸಣ್ಣ ಮಾಡಿ, ಕುದಿ ಅಡಗುವವರೆಗೆ ಕಾದ. ಎರಡು ಸೌಟು ಬಿಸಿ ಸಾರನ್ನು ಗಟ್ಟಿ ಹಾಲಿಗೆ ನಿಧಾನವಾಗಿ ಬೆರೆಸಿ, ಆಮೇಲೆ ಅದನ್ನು ಸಾರಿಗೆ ಸುರಿಯುತ್ತಾ ಕೈಯಾಡಿಸಿದ. ಅಂಚಿನಲ್ಲಿ ಹಬೆ ಎದ್ದದ್ದೇ ಒಲೆ ಆರಿಸಿದ. ನಿಂಬೆ ಹಿಂಡಿದ್ದು ಸಾರು ಸ್ವಲ್ಪ ಆರಿದ ಮೇಲೆ. ಒಡೆಯಲಿಲ್ಲ, ಕೆನೆಯ ಹಾಗೆ ನುಣ್ಣಗೆ ನಿಂತಿತು. ಅಬ್ಬಾ ಅಂದ, ಹೋದ ಜೀವ ಬಂದಂತಾಯಿತು.

ಅತ್ತಿಗೆ ಎರಡು ಸಲ ಬಡಿಸಿಕೊಂಡಳು. ಕೈ ತೊಳೆದು ತಗ್ಗಿದ ದನಿಯಲ್ಲಿ, "ನಾನು ಮಾಡಿದ್ರೆ ಒಡೆದೇ ಹೋಗುತ್ತೆ. ಉಳಿದಿದ್ದು ಒಂದು ಡಬ್ಬಿಗೆ ಹಾಕಿಕೊಡ್ತೀರಾ?" ಅಂದಳು.

ತಂಗಿಯ ಬಟ್ಟೆಗೆಂದು ತಂದ ಬ್ಯಾಗಿನಲ್ಲಿ ಸಾರಿನ ಡಬ್ಬಿ ಇಟ್ಟುಕೊಂಡು ಅವಳು ಮೆಟ್ಟಿಲಿಳಿದಳು. ಬಾಗಿಲಲ್ಲಿ ನಿಂತ ಹೆಂಡತಿ ಗಂಡನ ಮುಖ ನೋಡಿ ನಗುತ್ತಾ, ಎಡಗೈಯಲ್ಲಿ ಸೀಟಿ ಎತ್ತಿ ಎರಡು ಸಲ ಊದಿದಳು.